ಕ್ಷಯದಂತೆ ಕಾಣುವ ಬೂಷ್ಟು



ತಲಕಾಡಿನ ಕಡೆಯಿಂದ ಉಬ್ಬಸದ ತೊಂದರೆ ಹೇಳಿಕೊಂಡು ಬರುವವರು ಮೊದಲು ದೂರುವುದು ಅಲ್ಲಿಯ ಮರಳನ್ನು. ಗಾಳಿ ಎದ್ದರೆ ಮರಳು ಹಾರುತ್ತದೆ, ಮರಳು ಹಾರಿದರೆ ಕೆಮ್ಮು ಬರುತ್ತದೆ ಎಂಬುದು ಅವರ ಅನುಭವ. ಅದು ಸುಳ್ಳಲ್ಲ. ಆದರೆ ಮರಳಿನ ಕಣ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದಲ್ಲ. ಅದು ಮೂಗಿನಲ್ಲೋ ಗಂಟಲಿನಲ್ಲೋ ಸಿಕ್ಕಿಕೊಂಡು, ಸೀನಿನಲ್ಲಿ ಕೆಮ್ಮಿನಲ್ಲಿ ಹೊರಗೆ ಬಂದುಬಿಡುತ್ತದೆ. ಆಳಕ್ಕೆ ಇಳಿಯುವ ವಸ್ತು ಅದೇ ಊರಿನ ಗದ್ದೆಬಯಲಿನಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ.

ಮಾಧವಮಂತ್ರಿ ಅಣೆಕಟ್ಟೆಯ ನಾಲೆ ಹರಿಯುವ ಗದ್ದೆಗಳಲ್ಲಿ ಭತ್ತ ಕೊಯ್ದು, ಒಕ್ಕಣೆ ಮುಗಿಸಿ, ಹುಲ್ಲನ್ನು ಮೆದೆ ಹಾಕುತ್ತಾರೆ. ಮಳೆಗೆ ನೆನೆದ ಮೆದೆಯೊಳಗೆ ಕೈ ಹಾಕಿ ನೋಡಿದವರಿಗೆ ಗೊತ್ತು, ಒಳಗೆ ಬೆಚ್ಚಗಿರುತ್ತದೆ. ತಿಪ್ಪೆಯೂ ಹಾಗೆಯೇ, ಕೆದಕಿದರೆ ಹಬೆ ಏಳುತ್ತದೆ. ಬೇರೆ ಎಷ್ಟೋ ಬೂಷ್ಟುಗಳು ಆ ಶಾಖಕ್ಕೆ ಸೊರಗುತ್ತವೆ. ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟು ಮಾತ್ರ 50 ಡಿಗ್ರಿಯಲ್ಲೂ ಬೆಳೆಯಬಲ್ಲದು. ಹಾಗಿರುವಾಗ ನಮ್ಮ ಮೈಯ 37 ಡಿಗ್ರಿ ಅದಕ್ಕೆ ಹಿತವಾದ ಜಾಗವೇ ಸರಿ. ಅದರ ಬೀಜಾಣುವಿನ ಗಾತ್ರ 2ರಿಂದ 3 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲಿ ಎರಡು ಮೂರು ಪಾಲು ತೆಗೆದುಕೊಂಡರೆ ಎಷ್ಟೋ ಅಷ್ಟು. ಮೆದೆ ಕೆಡವಿ ದನಕ್ಕೆ ಹುಲ್ಲು ಹಾಕುವಾಗ ಏಳುವ ದೂಳಿನಲ್ಲಿ ಇವು ಲೆಕ್ಕವಿಲ್ಲದಷ್ಟು ಇರುತ್ತವೆ.

ಇದು ನಮ್ಮ ಕಡೆಗೆ ಮಾತ್ರ ಸೇರಿದ ಸಂಗತಿಯಲ್ಲ. 1890ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಷಯವನ್ನೇ ಹೋಲುವ ಒಂದು ಕಾಯಿಲೆಯನ್ನು ವರ್ಣಿಸಿದರು. ರೋಗಿಗಳು ಕಾಳನ್ನು ತಮ್ಮ ಬಾಯಲ್ಲಿಟ್ಟುಕೊಂಡು ಪಾರಿವಾಳದ ಮರಿಗಳಿಗೆ ಉಣಿಸುವ ಕೆಲಸದವರು. ಕಾಳಿನ ಬೂಷ್ಟು ಅವರ ಶ್ವಾಸಕೋಶ ಸೇರಿತ್ತು. ಕ್ಷಯವನ್ನೇ ಹೋಲುವ ಎಂಬ ಆ ಮಾತನ್ನು ನೆನಪಿಟ್ಟುಕೊಳ್ಳಿ. ಇವತ್ತಿಗೂ ಈ ಕಾಯಿಲೆಯ ದೊಡ್ಡ ತೊಡಕು ಅದೇ.

ಈ ಬೀಜಾಣುಗಳನ್ನು ನಾವೆಲ್ಲರೂ ದಿನವೂ ಉಸಿರಿನಲ್ಲಿ ಎಳೆದುಕೊಳ್ಳುತ್ತೇವೆ. ನಮ್ಮ ಶ್ವಾಸನಾಳದ ಲೋಳೆಯೂ ರಕ್ತದ ಬಿಳಿಕಣಗಳೂ ಅವನ್ನು ಗುಡಿಸಿ ಹಾಕುತ್ತವೆ. ಆದ್ದರಿಂದ ಬೂಷ್ಟು ಒಳಗೆ ಹೋಯಿತೇ ಎಂದು ಕೇಳಿ ಪ್ರಯೋಜನವಿಲ್ಲ. ಅದು ಎಂಥ ಶ್ವಾಸಕೋಶದಲ್ಲಿ ಇಳಿಯಿತು ಎಂದು ಕೇಳಬೇಕು. ಅಸ್ತಮಾ ಇರುವವರ ನಾಳದಲ್ಲಿ ಇಳಿದರೆ ಒಂದು ಕಾಯಿಲೆ, ಹಳೆಯ ಕ್ಷಯ ಬಿಟ್ಟುಹೋದ ಪೊಳ್ಳಿನಲ್ಲಿ ಇಳಿದರೆ ಇನ್ನೊಂದು. ಬೂಷ್ಟು ಒಂದೇ ಆದರೂ ಎರಡರ ಸ್ವಭಾವ ಬೇರೆ, ಕಂಡುಹಿಡಿಯುವ ದಾರಿ ಬೇರೆ, ಮದ್ದೂ ಬೇರೆ. ರೋಗಿಗಳಲ್ಲಿ ಬಲು ಕಡಿಮೆಯಾಗಿ ಕಾಣುವ, ರೋಗನಿರೋಧಕ ಶಕ್ತಿಯೇ ಕುಸಿದಾಗ ಬರುವ ಮೂರನೆಯ ರೂಪವೂ ಒಂದಿದೆ. ಅದನ್ನು ಇವತ್ತು ಬಿಡುತ್ತೇನೆ.

ಮೊದಲನೆಯದನ್ನು ತಿಳಿಯಲು ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 34, ತಲಕಾಡಿನ ಹತ್ತಿರದ ಹಳ್ಳಿ, ಮನೆಯಲ್ಲಿ ಎರಡು ಹಸು. ಹತ್ತು ವರ್ಷದಿಂದ ಅಸ್ತಮಾ. ಇನ್‌ಹೇಲರ್ ಎಳೆದುಕೊಂಡರೆ ಮೊದಲು ತಹಬಂದಿಗೆ ಬರುತ್ತಿತ್ತು, ಈಚೆಗೆ ಬರುತ್ತಿಲ್ಲ. ಜ್ವರ ಬಂದು ಹೋಗುತ್ತದೆ, ಮೈ ಇಳಿದಿದೆ. ಟಿ. ನರಸೀಪುರದಲ್ಲಿ ತೆಗೆಸಿದ ಎಕ್ಸರೆಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ನೆರಳು ಕಂಡಿತು. ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಆದರೂ ಜ್ವರ, ಕೆಮ್ಮು, ಮೇಲ್ಭಾಗದ ನೆರಳು ಮೂರೂ ಕೂಡಿದಾಗ ನಮ್ಮ ದೇಶದಲ್ಲಿ ವೈದ್ಯರ ಮನಸ್ಸು ಟಿಬಿಯ ಕಡೆಗೇ ಹೋಗುತ್ತದೆ. ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಆ ನೆರಳು ಮಾಯವಾಯಿತು, ಮಾತ್ರೆ ಹಿಡಿಯಿತೆಂದು ಎಲ್ಲರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಎಡಗಡೆ ಹೊಸದೊಂದು ನೆರಳು ಎದ್ದಿತು.

ಇಲ್ಲಿ ನಿಲ್ಲಬೇಕು. ಕ್ಷಯದ ನೆರಳು ಹೀಗೆ ಒಂದು ಕಡೆ ಅಳಿಸಿ ಇನ್ನೊಂದು ಕಡೆ ಮೂಡುವುದಿಲ್ಲ. ಅಸ್ತಮಾ ಇರುವವರಲ್ಲಿ ನೆರಳು ಜಾಗ ಬದಲಿಸಿದರೆ, ಲೋಳೆಯ ಗಡ್ಡೆ ಒಂದು ನಾಳವನ್ನು ಮುಚ್ಚಿ, ಅದು ಕೆಮ್ಮಿನಲ್ಲಿ ಹೊರಬಿದ್ದು, ಮತ್ತೊಂದು ನಾಳ ಮುಚ್ಚಿಕೊಂಡಿತೇ ಎಂದು ಅನುಮಾನಿಸಬೇಕು. ಎರಡು ಎಕ್ಸರೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದರೆ ಮಾತ್ರ ಇದು ತಿಳಿಯುತ್ತದೆ. ಹಳೆಯ ಫಿಲಂ ಯಾಕೆ ಎಂದು ಅಟ್ಟಕ್ಕೆ ಎಸೆದು ಬರುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ದುಬಾರಿ ಪರೀಕ್ಷೆಗಿಂತ ಹೆಚ್ಚನ್ನು ಕೆಲವೊಮ್ಮೆ ಆ ಹಳೆಯ ಫಿಲಂ ಹೇಳಿರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು. "ಅಮ್ಮಾ, ಕಫ ಯಾವ ಥರ ಬರುತ್ತೆ?" ಎಂದರೆ ಆಕೆ ಹೇಳುವುದು ಹೀಗಿರುತ್ತದೆ: "ಸುಮ್ನೆ ಕಫ ಅಲ್ಲ ಡಾಕ್ಟ್ರೆ, ಕಂದು ಬಣ್ಣದ ಗೋಂದಿನಂಗೆ ಗಟ್ಟಿ ಗಟ್ಟಿ ಚೂರು ಬೀಳ್ತದೆ. ಅದು ಬಿದ್ಮೇಲೆ ಉಸ್ರು ಸಲೀಸಾಯ್ತದೆ." ಆ ಚೂರು ಶ್ವಾಸನಾಳದ ಅಚ್ಚು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಬೂಷ್ಟಿನ ಎಳೆಗಳು ಕಾಣಬಹುದು.

ಈ ಕಾಯಿಲೆಯ ಪೂರ್ತಿ ಹೆಸರು ಅಲರ್ಜಿಕ್ ಬ್ರಾಂಕೊಪಲ್ಮನರಿ ಆಸ್ಪರ್ಜಿಲ್ಲೋಸಿಸ್. ನಾವು ವೈದ್ಯರು ಎಬಿಪಿಎ ಎನ್ನುತ್ತೇವೆ. ಇದನ್ನು ಮೊದಲು ವರ್ಣಿಸಿದ್ದು 1952ರಲ್ಲಿ, ಇಂಗ್ಲೆಂಡಿನ ಹಿನ್ಸನ್, ಮೂನ್ ಮತ್ತು ಪ್ಲಮ್ಮರ್. ಇಲ್ಲಿ ಬೂಷ್ಟು ಮಾಂಸವನ್ನು ಕೊರೆಯುವುದಿಲ್ಲ. ಅದು ನಾಳದ ಲೋಳೆಯಲ್ಲಿ ಬೆಳೆಯುತ್ತದೆ ಅಷ್ಟೆ. ಹಾನಿ ಮಾಡುವುದು ಅದರ ವಿರುದ್ಧ ಮೈ ಎಬ್ಬಿಸುವ ಅತಿಯಾದ ಅಲರ್ಜಿ. ಆ ಉರಿಯಲ್ಲಿ ನಾಳದ ಗೋಡೆ ಸಡಿಲವಾಗಿ, ಅಗಲವಾಗಿ, ಮತ್ತೆ ಹಿಂದಿನ ಸ್ಥಿತಿಗೆ ಬರಲಾರದ ಹಾಗೆ ಹಿಗ್ಗುತ್ತದೆ. ಅದಕ್ಕೆ ಮೊದಲೇ ಕಂಡುಹಿಡಿದರೆ ಗೋಡೆ ಉಳಿಯುತ್ತದೆ. ಪರೀಕ್ಷೆಯಲ್ಲಿ ತಡಮಾಡಬಾರದು ಎನ್ನುವುದು ಈ ಕಾರಣಕ್ಕೆ.

ಅಲರ್ಜಿಯ ಗುರುತು ರಕ್ತದಲ್ಲಿ ಸಿಗುತ್ತದೆ. ಅದಕ್ಕೆ ಐಜಿಇ ಎಂದು ಹೆಸರು. ಮೊದಲು ನೋಡಬೇಕಾದದ್ದು ಈ ಬೂಷ್ಟಿನ ಮೇಲೆಯೇ ಹುಟ್ಟಿದ ಐಜಿಇ. ಅದು 0.35 ಯೂನಿಟ್ ಅಥವಾ ಹೆಚ್ಚು ಇದ್ದರೆ ಮೈಗೆ ಆಸ್ಪರ್ಜಿಲ್ಲಸ್ ಅಲರ್ಜಿ ಇದೆ ಎಂದಾಯಿತು. ಅಷ್ಟರಿಂದಲೇ ಕಾಯಿಲೆ ಇದೆ ಎಂದಾಗಲಿಲ್ಲ, ಏಕೆಂದರೆ ಬೂಷ್ಟಿಗೆ ಅಲರ್ಜಿ ಮಾತ್ರ ಇರುವ ಅಸ್ತಮಾ ರೋಗಿಗಳು ಬಹಳ ಮಂದಿ ಇದ್ದಾರೆ. ಆಮೇಲೆ ಒಟ್ಟು ಐಜಿಇ ನೋಡಬೇಕು. ಅದು ಮಿಲಿಲೀಟರಿಗೆ 500 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಹಿಂದೆ ಈ ಗಡಿ 1000 ಇತ್ತು. ಚಂಡೀಗಢದ ಪಿಜಿಐ ಸಂಸ್ಥೆಯ ಡಾ. ರಿತೇಶ್ ಅಗರ್ವಾಲ್ ಮುಂದಾಳಾಗಿದ್ದ ಅಂತರರಾಷ್ಟ್ರೀಯ ತಜ್ಞರ ತಂಡ 2024ರಲ್ಲಿ ಅದನ್ನು 500ಕ್ಕೆ ಇಳಿಸಿತು. ಜಗತ್ತೆಲ್ಲ ಬಳಸುವ ಅಳತೆಯನ್ನು ನಮ್ಮ ದೇಶದ ರೋಗಿಗಳನ್ನು ನೋಡಿದವರೇ ಮುಂದೆ ನಿಂತು ತಿದ್ದಿದ್ದಾರೆ ಎನ್ನುವುದು ನನಗೆ ಸಂತೋಷದ ವಿಷಯ.

ಈ ಎರಡೂ ಇದ್ದಮೇಲೆ, ಮೂರರಲ್ಲಿ ಎರಡಾದರೂ ಸಾಕ್ಷಿ ಕೂಡಿಬರಬೇಕು. ಬೂಷ್ಟಿನ ವಿರುದ್ಧದ ಇನ್ನೊಂದು ಪ್ರತಿಕಾಯ ಐಜಿಜಿ ಹೆಚ್ಚಿರುವುದು ಒಂದು. ಇಯೊಸಿನೊಫಿಲ್ ಎಂಬ ಬಿಳಿಕಣ ಒಂದು ಮೈಕ್ರೋಲೀಟರ್ ರಕ್ತಕ್ಕೆ 500 ಅಥವಾ ಹೆಚ್ಚಿರುವುದು ಇನ್ನೊಂದು. ಮೂರನೆಯದು ಎಕ್ಸರೆ ಅಥವಾ ಸಿಟಿಯಲ್ಲಿ ಕಾಣುವ ಗುರುತು. ನಮ್ಮ ಈ ಹೆಣ್ಣುಮಗಳಿಗೆ ಬೂಷ್ಟಿನ ಐಜಿಇ 12, ಒಟ್ಟು ಐಜಿಇ 4200, ಇಯೊಸಿನೊಫಿಲ್ 1100 ಬಂತು ಎಂದಿಟ್ಟುಕೊಳ್ಳಿ. ಸಿಟಿಯಲ್ಲಿ ಶ್ವಾಸಕೋಶದ ನಡುಭಾಗದ ನಾಳಗಳು ಹಿಗ್ಗಿವೆ. ಒಂದು ನಾಳದಲ್ಲಿ ಸಿಕ್ಕಿಕೊಂಡ ಲೋಳೆ, ಬೆನ್ನಿನ ಮಾಂಸಖಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಲೋಳೆ ಅಷ್ಟು ಬೆಳ್ಳಗೆ ಕಂಡರೆ ಎಬಿಪಿಎ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಬೇರೆ ಕಾಯಿಲೆಗಳಲ್ಲಿ ಅದು ಕಾಣುವುದು ತೀರ ಅಪರೂಪ.

ಎಡವುವ ಜಾಗಗಳೂ ಇವೆ. ಹೊಟ್ಟೆಹುಳುವಿನಿಂದಲೂ ಒಟ್ಟು ಐಜಿಇ ಏರುತ್ತದೆ, ಇಯೊಸಿನೊಫಿಲ್ ಏರುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವ ನಮ್ಮ ಜನರಲ್ಲಿ ಆ ಎರಡು ಸಂಖ್ಯೆ ನೋಡಿಯೇ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ. ಬೂಷ್ಟಿನ ಐಜಿಇ ಮೊದಲು ಎಂದು ನಾನು ಹೇಳಿದ್ದು ಅದಕ್ಕೇ. ಎರಡನೆಯದು ಇದಕ್ಕಿಂತ ಹೆಚ್ಚು ನಡೆಯುವ ತಪ್ಪು. ಉಬ್ಬಸ ಜೋರಾಯಿತೆಂದು ಅಂಗಡಿಯಿಂದಲೋ ಯಾರದೋ ಚೀಟಿಯಿಂದಲೋ ಸ್ಟೀರಾಯ್ಡ್ ಮಾತ್ರೆ ತಂದು ನುಂಗಿ, ಹತ್ತು ದಿನ ಬಿಟ್ಟು ರಕ್ತ ಕೊಡಲು ಬರುತ್ತಾರೆ. ಸ್ಟೀರಾಯ್ಡ್ ಇಯೊಸಿನೊಫಿಲ್ ಅನ್ನು ಬೇಗ ಇಳಿಸಿಬಿಡುತ್ತದೆ, ಐಜಿಇಯನ್ನು ನಿಧಾನವಾಗಿ ಇಳಿಸುತ್ತದೆ. ಸಾಕ್ಷಿ ಅಳಿಸಿದ ಮೇಲೆ ಪರೀಕ್ಷೆ ಮಾಡಿದ ಹಾಗಾಗುತ್ತದೆ. ತುರ್ತು ಇಲ್ಲದಿದ್ದರೆ ರಕ್ತ ಕೊಟ್ಟ ಮೇಲೆ ಮಾತ್ರೆ ಶುರುಮಾಡಿ. ಚರ್ಮದ ಚುಚ್ಚು ಪರೀಕ್ಷೆ ಮಾಡಿಸುವುದಾದರೆ ನೆಗಡಿ ತುರಿಕೆಗೆ ಕೊಡುವ ಅಲರ್ಜಿ ಮಾತ್ರೆಯನ್ನು ವೈದ್ಯರನ್ನು ಕೇಳಿ ಒಂದು ವಾರ ಮೊದಲೇ ನಿಲ್ಲಿಸಬೇಕು.

ರೋಗ ಖಚಿತವಾದಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ಹಂತಹಂತವಾಗಿ ಇಳಿಸುತ್ತ ಸುಮಾರು 4 ತಿಂಗಳು ಕೊಡುತ್ತಾರೆ, ಅಥವಾ ಬೂಷ್ಟು ಕೊಲ್ಲುವ ಇಟ್ರಕೊನಝೋಲ್ ಕೊಡುತ್ತಾರೆ. ಎಂಟು ವಾರಕ್ಕೆ ಒಟ್ಟು ಐಜಿಇ ಮತ್ತೆ ನೋಡಬೇಕು. 4200 ಇದ್ದದ್ದು 2300ಕ್ಕೆ ಇಳಿದು, ಎಕ್ಸರೆ ತಿಳಿಯಾಗಿ, ಉಸಿರಾಟ ಹಗುರವಾದರೆ ಮದ್ದು ಹಿಡಿದಿದೆ. ಅದು 100ಕ್ಕೆ ಬರಲಿಲ್ಲವೆಂದು ಗಾಬರಿಯಾಗಬೇಡಿ, ಸಾಮಾನ್ಯವಾಗಿ ಅದು ಅಷ್ಟಕ್ಕೆ ಬರುವುದಿಲ್ಲ. ಆಕೆಯ ಮಟ್ಟಿಗೆ ಎಲ್ಲಿ ಬಂದು ನಿಂತಿತೋ ಅದನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಅದರ ಮೇಲೆ ಅರ್ಧಪಟ್ಟು ಏರಿ, ಜೊತೆಗೆ ಕೆಮ್ಮೋ ನೆರಳೋ ಬಂದರೆ ಕಾಯಿಲೆ ಮರಳಿದೆ ಎಂದು ತಿಳಿಯಬಹುದು.

ಇನ್ನು ಎರಡನೆಯ ರೂಪ. ಮೈಸೂರು ಸೀಮೆಗೂ ಕ್ಷಯಕ್ಕೂ ಹಳೆಯ ಲೆಕ್ಕವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ತೆಗೆದುಕೊಂಡಿತು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಸ್ಯಾನಟೋರಿಯಂ ಇವತ್ತಿಗೂ ಪಿಕೆಟಿಬಿ ಎಂಬ ಹೆಸರಿನಲ್ಲಿ ಎದೆರೋಗಿಗಳನ್ನು ನೋಡಿಕೊಳ್ಳುತ್ತಿದೆ. ಈಗ ಆರು ತಿಂಗಳ ಮಾತ್ರೆಯಲ್ಲಿ ಕ್ಷಯ ವಾಸಿಯಾಗುತ್ತದೆ. ಆದರೆ ಕ್ರಿಮಿ ಸತ್ತಮೇಲೂ ಅದು ಕೊರೆದ ಪೊಳ್ಳು ಕೆಲವರಲ್ಲಿ ಉಳಿಯುತ್ತದೆ, ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ. ಅಲ್ಲಿ ಗಾಳಿ ಇದೆ, ತೇವ ಇದೆ, ಗುಡಿಸಿ ಹಾಕುವ ವ್ಯವಸ್ಥೆ ಮಾತ್ರ ಇಲ್ಲ. ಬೂಷ್ಟಿನ ಬೀಜಾಣು ಇಳಿದರೆ ಅಲ್ಲೇ ಬೇರೂರುತ್ತದೆ. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಕ್ಷಯ ವಾಸಿಯಾಗಿ ಎರಡೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪೊಳ್ಳು ಉಳಿದಿದ್ದ 544 ಜನರನ್ನು ಪರೀಕ್ಷಿಸಿದರು. ನಾಲ್ಕರಲ್ಲಿ ಒಬ್ಬರ ರಕ್ತದಲ್ಲಿ ಈ ಬೂಷ್ಟಿನ ಪ್ರತಿಕಾಯ ಇತ್ತು.

ನಂಜನಗೂಡಿನ ಕಡೆಯ 58ರ ಒಬ್ಬ ಯಜಮಾನರನ್ನು ಊಹಿಸಿಕೊಳ್ಳಿ. ಹನ್ನೆರಡು ವರ್ಷದ ಹಿಂದೆ ಟಿಬಿ ಆಗಿ, ಪೂರ್ತಿ ಮಾತ್ರೆ ನುಂಗಿ, ವಾಸಿಯಾಗಿ ಜಮೀನು ನೋಡಿಕೊಂಡಿದ್ದರು. ನಾಲ್ಕು ತಿಂಗಳಿಂದ ಕೆಮ್ಮು, ಸುಸ್ತು, ಐದು ಕೆಜಿ ತೂಕ ಇಳಿದಿದೆ. "ಒಂದೊಂದ್ ದಿನ ಕಫದಲ್ಲಿ ರಕ್ತ ಬತ್ತದೆ ಸಾರ್, ಮತ್ತೆ ಟಿಬಿನೇ ಬಂತಾ?" ಎಂಬುದು ಅವರ ಭಯ. ಭಯಕ್ಕೆ ಕಾರಣವಿದೆ, ಟಿಬಿ ಮರಳುವುದೂ ಉಂಟು. ಆದ್ದರಿಂದ ಮೊದಲು ಅದನ್ನೇ ಹುಡುಕಬೇಕು. ಕಫದ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆ ಮಾಡಿಸಬೇಕು. ಹಿಂದೆ ಕ್ಷಯ ಆಗಿದ್ದವರಲ್ಲಿ ಈ ಯಂತ್ರಗಳು ಸತ್ತ ಕ್ರಿಮಿಯ ಅಂಶವನ್ನು ಹಿಡಿದು, ಇಲ್ಲದ ಕಾಯಿಲೆ ಇದೆ ಎನ್ನಬಹುದು. ಹಾಗಾಗಿ ಸಂದೇಹವಿದ್ದರೆ ಕಫದ ಕಲ್ಚರ್ ಕಳಿಸಿ ಆರು ವಾರದವರೆಗೆ ಕಾಯಬೇಕು. ಜೀವವಿರುವ ಕ್ರಿಮಿ ಮಾತ್ರ ಕಲ್ಚರಿನಲ್ಲಿ ಬೆಳೆಯುತ್ತದೆ.

ಇವರ ಸಿಬಿನಾಟ್‌ನಲ್ಲಿ ಕ್ರಿಮಿ ಇಲ್ಲ, ಕಲ್ಚರಿನಲ್ಲೂ ಬೆಳೆಯಲಿಲ್ಲ. ಎಕ್ಸರೆಯಲ್ಲಿ ಬಲಗಡೆ ಮೇಲೆ ಹಳೆಯ ಪೊಳ್ಳು. ಅದರೊಳಗೆ ಒಂದು ಉಂಡೆ, ಉಂಡೆಯ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಗಾಳಿ. ಸಿಟಿ ಮಾಡುವಾಗ ಬೋರಲು ಮಲಗಿಸಿದರೆ ಉಂಡೆ ಉರುಳಿ ಮುಂದಕ್ಕೆ ಬೀಳುತ್ತದೆ. ಕ್ಯಾನ್ಸರ್ ಗಡ್ಡೆ ಗೋಡೆಗೆ ಅಂಟಿರುತ್ತದೆ, ಉರುಳುವುದಿಲ್ಲ. ಇದು ಬೂಷ್ಟಿನ ಎಳೆಗಳೂ ಲೋಳೆಯೂ ಸೇರಿ ಆದ ಉಂಡೆ, ಆಸ್ಪರ್ಜಿಲ್ಲೋಮ.

ಎಲ್ಲರಲ್ಲೂ ಉಂಡೆ ಕಂಡರೆ ನಮ್ಮ ಕೆಲಸ ಸುಲಭವಿತ್ತು. ಆದರೆ ಉಂಡೆ ಕಾಣುವುದು ತಡವಾಗಿ, ಅದೂ ಎಲ್ಲರಲ್ಲಲ್ಲ. ಹೆಚ್ಚು ಮಂದಿಯಲ್ಲಿ ಪೊಳ್ಳಿನ ಗೋಡೆ ದಪ್ಪವಾಗುತ್ತದೆ, ಪಕ್ಕದ ಪ್ಲೂರಾ ಪೊರೆ ದಪ್ಪವಾಗುತ್ತದೆ, ಪೊಳ್ಳು ನಿಧಾನವಾಗಿ ಹಿಗ್ಗಿ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ವಾಸಿಯಾದ ಕ್ಷಯದ ಪೊಳ್ಳು ವರ್ಷಗಟ್ಟಲೆ ಇದ್ದ ಹಾಗೇ ಇರಬೇಕು. ಅದು ಬೆಳೆಯುತ್ತಿದೆಯೇ ಎಂದು ಹೇಳಲು ಚಿಕಿತ್ಸೆ ಮುಗಿದ ದಿನದ ಎಕ್ಸರೆ ಬೇಕು. ಟಿಬಿ ಮಾತ್ರೆ ಮುಗಿಸಿದವರು ಆ ದಿನ ಒಂದು ಎಕ್ಸರೆ ತೆಗೆಸಿ, ತಾರೀಖು ಹಾಕಿ ಜೋಪಾನ ಮಾಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಇಲ್ಲಿ ಮುಖ್ಯವಾದ ರಕ್ತಪರೀಕ್ಷೆ ಐಜಿಇ ಅಲ್ಲ, ಐಜಿಜಿ. ಅಲರ್ಜಿಯ ಮಾತು ಇಲ್ಲಿಲ್ಲ. ಬಹುಕಾಲದಿಂದ ಒಳಗೆ ಬೀಡುಬಿಟ್ಟ ಬೂಷ್ಟಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಅದು. ಈ ಕಾಯಿಲೆ ಇರುವವರಲ್ಲಿ ಬಹುಪಾಲು ಮಂದಿಗೆ ಅದು ಏರಿರುತ್ತದೆ. ಎಷ್ಟರ ಮೇಲೆ ಹೆಚ್ಚು ಎನ್ನಬೇಕೆಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ. ಆದ್ದರಿಂದ ಲ್ಯಾಬಿನ ಚೀಟಿಯಲ್ಲಿ ಬರೆದ ಅಂಕಿಯ ಪಕ್ಕ ಆ ಲ್ಯಾಬಿನ ಗಡಿಯನ್ನೂ ನೋಡಬೇಕು. ಇನ್ನು ಕಫದಲ್ಲಿ ಬೂಷ್ಟು ಬೆಳೆದರೆ ಅದು ಬೆಂಬಲದ ಸಾಕ್ಷಿ ಮಾತ್ರ. ಗಾಳಿಯಲ್ಲೆಲ್ಲ ಇರುವ ಬೂಷ್ಟು ಸುಮ್ಮನೆಯೂ ಕಫದಲ್ಲಿ ಬರಬಹುದು, ನಿಜವಾಗಿ ಇದ್ದಾಗಲೂ ಬೆಳೆಯದೆ ಇರಬಹುದು.

ಹೀಗೆ ಮೂರು ತಿಂಗಳು ಮೀರಿದ ಲಕ್ಷಣ, ಎಕ್ಸರೆ ಅಥವಾ ಸಿಟಿಯ ಗುರುತು, ಏರಿದ ಐಜಿಜಿ, ಟಿಬಿಯೂ ಕ್ಯಾನ್ಸರೂ ಅಲ್ಲವೆಂಬ ಖಾತ್ರಿ, ಈ ನಾಲ್ಕೂ ಸೇರಿದರೆ ದೀರ್ಘಕಾಲದ ಆಸ್ಪರ್ಜಿಲ್ಲೋಸಿಸ್ ಎಂದು ತೀರ್ಮಾನಿಸಬಹುದು. ನಮ್ಮಂಥ ದೇಶಗಳಿಗೆಂದೇ 2018ರಲ್ಲಿ ತಜ್ಞರು ಒಪ್ಪಿದ ಸರಳ ಸೂತ್ರ ಹೆಚ್ಚುಕಡಿಮೆ ಇದೇ.

ಈ ಯಜಮಾನರಿಗೆ ಪರೀಕ್ಷೆ ಮಾಡದೆ ಟಿಬಿ ಮಾತ್ರೆಯನ್ನೇ ಮತ್ತೆ ಕೊಟ್ಟರೆ ಎರಡು ಕೆಡುಕು. ಬೂಷ್ಟು ಬೆಳೆಯುತ್ತಲೇ ಇರುತ್ತದೆ. ಮುಂದೆ ಯಾರಾದರೂ ಇಟ್ರಕೊನಝೋಲ್ ಸೇರಿಸಿದರೂ, ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅದನ್ನು ಯಕೃತ್ತಿನಲ್ಲಿ ಒಡೆದುಹಾಕಿ ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ನುಂಗಿದರೆ ಬೂಷ್ಟಿನ ಮದ್ದು ನುಂಗದ ಹಾಗೆಯೇ. ಇಟ್ರಕೊನಝೋಲ್ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರೆ ಹೊಟ್ಟೆಯ ಹುಳಿ ಕಡಿಮೆಯಾಗಿ ಅದು ಮೈಗೆ ಹತ್ತುವುದಿಲ್ಲ. ಬುಡೆಸೊನೈಡ್ ಇನ್‌ಹೇಲರ್ ಬಳಸುವವರಿಗೆ ಇದನ್ನು ಕೊಟ್ಟಾಗ ಇನ್‌ಹೇಲರಿನ ಸ್ಟೀರಾಯ್ಡ್ ಮೈಯಲ್ಲೇ ಉಳಿದು ಮುಖ ಊದಿಕೊಳ್ಳಬಹುದು. ಇದೆಲ್ಲ ವೈದ್ಯರಿಗೆ ತಿಳಿಯಬೇಕಾದರೆ ಮನೆಯಲ್ಲಿ ನುಂಗುವ ಅಷ್ಟೂ ಮಾತ್ರೆಯನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ.

ಮದ್ದು ಕನಿಷ್ಠ ಆರು ತಿಂಗಳು. ಒಂದೇ ಪೊಳ್ಳಿನಲ್ಲಿ ಒಂದೇ ಉಂಡೆ ಇದ್ದು, ಉಳಿದ ಶ್ವಾಸಕೋಶ ಗಟ್ಟಿಯಾಗಿದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ರಕ್ತದ ವಿಷಯ ಮಾತ್ರ ಉದಾಸೀನ ಮಾಡುವಂಥದ್ದಲ್ಲ. ಪೊಳ್ಳಿನ ಗೋಡೆಯ ರಕ್ತನಾಳ ಒಡೆದರೆ ಕಾಫಿ ಲೋಟದ ತುಂಬ ರಕ್ತ ಬೀಳಬಹುದು. ಆಗ ಪೊಳ್ಳು ಇರುವ ಬದಿ ಕೆಳಗೆ ಬರುವಂತೆ ಮಲಗಿಸಿ, ಒಳ್ಳೆಯ ಬದಿಯ ಶ್ವಾಸಕೋಶಕ್ಕೆ ರಕ್ತ ಹರಿಯದಂತೆ ನೋಡಿಕೊಂಡು, ತಡಮಾಡದೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಒಡೆದ ನಾಳವನ್ನು ತೊಡೆಯ ರಕ್ತನಾಳದ ಮೂಲಕ ತಂತಿ ಹಾಯಿಸಿ ಮುಚ್ಚುವ ವಿಧಾನವಿದೆ.

ಈಗ ಕೊನೆಯದಾಗಿ, ನಮಗೆ ಬಹಳ ಕಷ್ಟ ಕೊಡುವ ರೋಗಿಯ ಮಾತು. ಅಸ್ತಮಾವೂ ಇದೆ, ಹಳೆಯ ಕ್ಷಯದ ಪೊಳ್ಳೂ ಇದೆ. ಅಥವಾ ಎಬಿಪಿಎಯನ್ನೇ ವರ್ಷಗಟ್ಟಲೆ ಗಮನಿಸದೆ ಬಿಟ್ಟು, ಹಿಗ್ಗಿದ ನಾಳಗಳ ಜಾಗದಲ್ಲಿ ಪೊಳ್ಳು ಬಿದ್ದಿದೆ. ರಕ್ತದಲ್ಲಿ ಐಜಿಇಯೂ ಏರಿದೆ, ಐಜಿಜಿಯೂ ಏರಿದೆ. ಐಜಿಜಿ ಎರಡೂ ಕಾಯಿಲೆಯಲ್ಲಿ ಏರುವುದರಿಂದ ಬರೀ ರಕ್ತ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಪೊಳ್ಳು ಬೆಳೆಯುತ್ತಿದೆಯೇ ಎಂದು ಸಿಟಿಗಳನ್ನು ಹೋಲಿಸಿಯೇ ಹೇಳಬೇಕು. ತಪ್ಪಾದರೆ ಬೆಲೆ ದೊಡ್ಡದು. ಅಲರ್ಜಿಗೆ ಜೀವದಾನ ಮಾಡುವ ಸ್ಟೀರಾಯ್ಡ್, ಪೊಳ್ಳಿನೊಳಗಿನ ಬೂಷ್ಟನ್ನು ಹಿಡಿದಿಟ್ಟಿರುವ ಮೈಯ ಕಾವಲನ್ನು ಸಡಿಲಿಸಿ ಅದಕ್ಕೆ ಬೆಳೆಯಲು ದಾರಿ ಬಿಡುತ್ತದೆ. ಅಂಥವರಿಗೆ ನಾವು ಸ್ಟೀರಾಯ್ಡನ್ನು ಸಾಧ್ಯವಾದಷ್ಟು ದೂರವಿಟ್ಟು ಬೂಷ್ಟಿನ ಮದ್ದಿನಿಂದ ಶುರುಮಾಡುತ್ತೇವೆ. ಉಬ್ಬಸ ಕೆರಳಿ ಸ್ಟೀರಾಯ್ಡ್ ಕೊಡದೆ ವಿಧಿಯಿಲ್ಲದಾದರೆ ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನಕ್ಕೆ, ಬೂಷ್ಟಿನ ಮದ್ದಿನ ಜೊತೆಗೇ ಕೊಟ್ಟು, ಎಂಟು ವಾರಕ್ಕೆ ಐಜಿಇಯನ್ನೂ ಮೂರರಿಂದ ಆರು ತಿಂಗಳಿಗೆ ಎಕ್ಸರೆ ಅಥವಾ ಸಿಟಿಯನ್ನೂ ಹಳೆಯದರ ಪಕ್ಕ ಇಟ್ಟು ನೋಡುತ್ತೇವೆ.